ಹಸಿರು ಸುತ್ತು ಒಂದು, ಪ್ರೈವೇಟ್ ಅಕೌಂಟ್ ಇನ್ನೊಂದು

ಉಡುಪಿಯಲ್ಲಿ ಕಾಲೇಜು ಮಕ್ಕಳೂ ಅವರ ಮನೆಯವರೂ ಒಟ್ಟಿಗೆ ಕೂತಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೇ ಬರುತ್ತೇನೆ.

ಇನ್‌ಸ್ಟಾಗ್ರಾಮ್ ಮಾತು ಬಂದಾಗ ಮನೆಯ ದೊಡ್ಡವರು ಕೇಳುವುದು ಒಂದೇ. "ಅಕೌಂಟ್ ಪ್ರೈವೇಟ್ ಮಾಡಿದ್ದೀಯಲ್ಲಾ? ಹಾಗಾದ್ರೆ ತೊಂದರೆ ಇಲ್ಲ." ಮಕ್ಕಳ ಕಡೆಯಿಂದ ಬರುವ ಉತ್ತರ ಇನ್ನೊಂದು. "ಅಮ್ಮಾ, ಅದು ಕ್ಲೋಸ್ ಫ್ರೆಂಡ್ಸ್‌ಗೆ ಮಾತ್ರ ಹಾಕಿದ್ದು, ಬೇರೆ ಯಾರಿಗೂ ಕಾಣುವುದಿಲ್ಲ." ಇಬ್ಬರೂ ಹೇಳುವುದು ಅರ್ಧ ಸರಿ. ಆದರೆ ಇಬ್ಬರೂ ಒಂದೇ ವಸ್ತುವಿನ ಬಗ್ಗೆ ಮಾತಾಡುತ್ತಿಲ್ಲ, ಹಾಗಾಗಿ ಮಾತು ಮುಂದೆ ಹೋಗುವುದೇ ಇಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಈ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಅದನ್ನೇ ಸ್ವಲ್ಪ ಬಿಡಿಸಿ ನೋಡುವಾ.

ಪ್ರೈವೇಟ್ ಅಕೌಂಟ್ ಎಂಬುದು ಜನರ ಬಗ್ಗೆ ನೀವು ಮಾಡುವ ತೀರ್ಮಾನ. ಇವರು ನನ್ನನ್ನು ಫಾಲೋ ಮಾಡಬಹುದಾ, ಬೇಡವಾ? ಒಮ್ಮೆ ಹೌದು ಅಂದರೆ ಮುಗಿಯಿತು. ಅವರು ನಿಮ್ಮ ಹಳೇ ಫೋಟೋ, ಹೊಸ ಫೋಟೋ, ನಾಳೆ ಹಾಕುವ ಸ್ಟೋರಿ ಎಲ್ಲವನ್ನೂ ನೋಡಬಹುದು. ಕ್ಲೋಸ್ ಫ್ರೆಂಡ್ಸ್ ಎಂಬುದು ಒಂದೊಂದು ಸ್ಟೋರಿಯ ಬಗ್ಗೆ ನೀವು ಮಾಡುವ ತೀರ್ಮಾನ. ಈ ಮಾತು ಯಾರಿಗೆ? ಹಾಕುವಾಗೆಲ್ಲ ಅದನ್ನು ಹೊಸದಾಗಿ ಕೇಳಿಕೊಳ್ಳಬೇಕು.

ನಮ್ಮ ಕಡೆಯವರಿಗೆ ಯಕ್ಷಗಾನ ಗೊತ್ತಿರುವುದರಿಂದ ಹೀಗೆ ಹೇಳಬಹುದು. ಬಯಲಾಟಕ್ಕೆ ಯಾರು ಬೇಕಾದರೂ ಬಂದು ಕೂತುಕೊಳ್ಳಬಹುದು, ಟೆಂಟಿನ ಆಟಕ್ಕೆ ಟಿಕೆಟ್ ಬೇಕು. ಕಲಾವಿದರು ವೇಷ ಕಟ್ಟುವ ಚೌಕಿ ಮಾತ್ರ ಎರಡರಲ್ಲೂ ಇರುತ್ತದೆ, ಟಿಕೆಟ್ ಇದ್ದರೂ ಎಲ್ಲರೂ ಅದರೊಳಗೆ ಹೋಗುವುದಿಲ್ಲ. ಟೆಂಟು ಹಾಕಿದ ಮಾತ್ರಕ್ಕೆ ಚೌಕಿ ಆಗಲಿಲ್ಲ, ಬಯಲಾಟ ಅಂದ ಮಾತ್ರಕ್ಕೆ ಚೌಕಿ ಇಲ್ಲ ಅಂತಲೂ ಅಲ್ಲ.

ಈ ಎರಡನೇ ಭಾಗವನ್ನು ತುಂಬಾ ಜನ ಮರೆಯುತ್ತಾರೆ. ಅಕೌಂಟ್ ಪೂರ್ತಿ ಪಬ್ಲಿಕ್ ಆಗಿದ್ದರೂ ಕ್ಲೋಸ್ ಫ್ರೆಂಡ್ಸ್ ಲಿಸ್ಟ್ ಇಟ್ಟುಕೊಳ್ಳಬಹುದು. ಲಿಸ್ಟಿಗೆ ಹಾಕಿದ ಸ್ಟೋರಿ ಆ ಲಿಸ್ಟಿನವರಿಗೆ ಮಾತ್ರ ಕಾಣುತ್ತದೆ, ಫಾಲೋವರ್ಸ್ ಹತ್ತು ಸಾವಿರ ಇದ್ದರೂ ಅಷ್ಟೇ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. 24 ಗಂಟೆಗೆ ಮಾಯವಾಗುವ ಸ್ಟೋರಿ ಮೊದಲು ಬಂದದ್ದು ಸ್ನ್ಯಾಪ್‌ಚಾಟ್‌ನಲ್ಲಿ, 2013ರಲ್ಲಿ. ಇನ್‌ಸ್ಟಾಗ್ರಾಮ್‌ಗೆ ಅದು 2016ರ ಆಗಸ್ಟ್‌ನಲ್ಲಿ ಬಂತು. ಆಗ ಇದ್ದದ್ದು ಒಂದೇ ದಾರಿ, ಹಾಕಿದರೆ ಎಲ್ಲ ಫಾಲೋವರ್ಸ್‌ಗೂ ಹೋಗುತ್ತಿತ್ತು. ಬೇಡದವರ ಹೆಸರನ್ನು ಒಂದೊಂದಾಗಿ ಹೈಡ್ ಮಾಡಬಹುದಿತ್ತು, ಅಷ್ಟೇ. ಅದಕ್ಕೇ ಕಾಲೇಜು ಮಕ್ಕಳು ಎರಡನೇ ಅಕೌಂಟ್ ಮಾಡಿಕೊಳ್ಳುತ್ತಿದ್ದರು, ಒಂದು ಊರಿಗೆ, ಒಂದು ನಾಲ್ಕು ಜನ ಗೆಳೆಯರಿಗೆ. 2018ರ ನವೆಂಬರ್ ಕೊನೆಗೆ ಕ್ಲೋಸ್ ಫ್ರೆಂಡ್ಸ್ ಬಂತು. 2023ರ ನವೆಂಬರ್‌ನಿಂದ ಸಾಮಾನ್ಯ ಪೋಸ್ಟ್ ಮತ್ತು ರೀಲ್ಸ್ ಕೂಡ ಅದೇ ಲಿಸ್ಟಿಗೆ ಹಾಕುವ ಹಾಗಾಯಿತು. ಆದರೆ ಹೆಚ್ಚಿನವರು ಬಳಸುವುದು ಸ್ಟೋರಿಗೇ, ಹಾಗಾಗಿ ನಾನೂ ಅಲ್ಲೇ ನಿಲ್ಲುತ್ತೇನೆ.

ಈಗ ಒಂದು ಉದಾಹರಣೆ ಕಟ್ಟಿಕೊಳ್ಳುವಾ. ಅಕ್ಕ ಮತ್ತು ತಮ್ಮ. ಅಕ್ಕ ಉಡುಪಿಯಲ್ಲಿ ಮದುವೆಗಳಿಗೆ ಮೆಹಂದಿ ಹಾಕುವವಳು. ತಮ್ಮ ಮಂಗಳೂರಿನಲ್ಲಿ ಓದುತ್ತಾ ಪಿಜಿಯಲ್ಲಿ ಇರುವವನು.

ಅಕ್ಕನ ಅಕೌಂಟ್ ಪ್ರೊಫೆಷನಲ್. ಡಿಸೈನ್ ನೋಡಿಯೇ ಬುಕಿಂಗ್ ಬರುವುದು. ಅವಳಿಗೆ ನಾಲ್ಕು ಸಾವಿರ ಫಾಲೋವರ್ಸ್, ಅದರಲ್ಲಿ ಮುಕ್ಕಾಲು ಜನ ಯಾರು ಅಂತ ಅವಳಿಗೇ ಗೊತ್ತಿಲ್ಲ. ಕುಂದಾಪುರದ ಮದುಮಗಳು ಇರಬಹುದು, ಮುಂಬೈಯಲ್ಲಿ ಕೂತು ಊರಿನ ಮದುವೆಗೆ ತಯಾರಿ ಮಾಡುವ ಚಿಕ್ಕಮ್ಮ ಇರಬಹುದು, ಸುಮ್ನೆ ನೋಡುವವರೂ ಇರಬಹುದು. ಮನೆಯವರು ಹೇಳುತ್ತಾರೆ, "ಮಗುವಿನ ಫೋಟೋ ಹಾಕ್ತೀಯಲ್ಲ, ಅಕೌಂಟ್ ಪ್ರೈವೇಟ್ ಮಾಡು ಮಾರಾಯ್ತಿ." ಅವಳಿಂದ ಅದು ಆಗುವುದಿಲ್ಲ. ಪ್ರೊಫೆಷನಲ್ ಅಕೌಂಟನ್ನು ಪ್ರೈವೇಟ್ ಮಾಡಲು ಇನ್‌ಸ್ಟಾಗ್ರಾಮ್ ಬಿಡುವುದಿಲ್ಲ. ಮೊದಲು ಅದನ್ನು ಸಾಮಾನ್ಯ ಪರ್ಸನಲ್ ಅಕೌಂಟ್ ಮಾಡಬೇಕು. ಹಾಗೆ ಮಾಡಿದರೆ ಪ್ರೊಫೈಲಿನಲ್ಲಿದ್ದ ಕರೆ ಮಾಡುವ ಬಟನ್ ಹೋಗುತ್ತದೆ, ಯಾವ ಫೋಟೋ ಎಷ್ಟು ಜನರಿಗೆ ತಲುಪಿತು ಎಂಬ ಲೆಕ್ಕ ಹೋಗುತ್ತದೆ, ಹೊಸ ಗಿರಾಕಿ ಬಂದು ನೋಡಿದರೆ ಖಾಲಿ ಗೋಡೆ. ಅವಳ ವ್ಯಾಪಾರವೇ ನಿಲ್ಲುತ್ತದೆ.

ಅವಳಿಗೆ ಬೇಕಾದದ್ದು ಕ್ಲೋಸ್ ಫ್ರೆಂಡ್ಸ್. ಮೆಹಂದಿಯ ಕೈ ಎಲ್ಲರಿಗೆ, ಮಗು ಗೋಳಿಬಜೆ ತಿನ್ನುವ ವೀಡಿಯೋ ಇಪ್ಪತ್ತು ಜನರಿಗೆ. ಒಂದೇ ಅಕೌಂಟ್, ಒಂದೇ ದಿನ, ಎರಡು ಬೇರೆ ಬೇರೆ ನೋಡುಗರು.

ತಮ್ಮನದ್ದು ಉಲ್ಟಾ. ಅವನ ಅಕೌಂಟ್ ಪ್ರೈವೇಟ್, ಅದೂ ಹೈಸ್ಕೂಲಿನಿಂದ. ಅದಕ್ಕೇ ಅವನಿಗೆ ಧೈರ್ಯ. ಆದರೆ ಫಾಲೋವರ್ಸ್ ಲಿಸ್ಟ್ ತೆರೆದರೆ ಆರುನೂರು ಚಿಲ್ಲರೆ ಜನ. ಶಾಲೆಯ ಇಡೀ ಬ್ಯಾಚು, ಪಿಯುಸಿ ಟ್ಯೂಷನ್‌ನಲ್ಲಿ ಒಂದು ತಿಂಗಳು ಪಕ್ಕ ಕೂತವನು, ಕ್ರಿಕೆಟ್ ಟೂರ್ನಮೆಂಟಿನಲ್ಲಿ ಸಿಕ್ಕವರು, ದುಬೈಯಲ್ಲಿರುವ ಭಾವನ ತಮ್ಮ, ಫೋಟೋ ಇಲ್ಲದ, ಹೆಸರಿನ ಜಾಗದಲ್ಲಿ ಬರೀ ಅಂಕಿ ಇರುವ ಮೂರು ಅಕೌಂಟ್. ಒಬ್ಬೊಬ್ಬರನ್ನೂ ಅವನೇ ಒಪ್ಪಿಕೊಂಡದ್ದು ನಿಜ. ಆದರೆ ಐದು ವರ್ಷದಲ್ಲಿ ಒಪ್ಪಿಕೊಂಡದ್ದು, ಆಗಿನ ಮನಸ್ಸಿನಲ್ಲಿ. ಈಗ ಅವನು ಪಣಂಬೂರು ಬೀಚಿನಿಂದ ಒಂದು ಸ್ಟೋರಿ ಹಾಕಿದರೆ ಅದು ಹೋಗುವುದು ಆ ಆರುನೂರು ಜನರಿಗೆ. ಅಷ್ಟು ದೊಡ್ಡ ಮದುವೆ ಹಾಲ್ ತುಂಬುವಷ್ಟು ಜನರ ಮುಂದೆ ಮೈಕ್ ಹಿಡಿದು ಹೇಳಲಾಗದ ಮಾತನ್ನು ಸ್ಟೋರಿಯಲ್ಲಿ ಹೇಳುತ್ತಿದ್ದಾನೆ, ಪ್ರೈವೇಟ್ ಇದೆ ಎಂಬ ಒಂದೇ ನಂಬಿಕೆಯಿಂದ.

ಅಂದರೆ ಲೆಕ್ಕ ಹಾಕಿ ನೋಡಿದರೆ, ಪಬ್ಲಿಕ್ ಅಕೌಂಟಿನ ಅಕ್ಕನ ಮಗುವಿನ ವೀಡಿಯೋ ಹೋದದ್ದು ಇಪ್ಪತ್ತು ಜನರಿಗೆ. ಪ್ರೈವೇಟ್ ಅಕೌಂಟಿನ ತಮ್ಮನ ಬೀಚಿನ ಸ್ಟೋರಿ ಹೋದದ್ದು ಆರುನೂರು ಜನರಿಗೆ. ಇವರಲ್ಲಿ ಯಾರದು ಹೆಚ್ಚು ಗುಟ್ಟು?

ಇಲ್ಲಿ ಒಬ್ಬ ತಾಯಿ ಕೇಳಿದರು: "ಹಾಗಾದ್ರೆ ಪ್ರೈವೇಟ್ ಮಾಡುವುದೇ ಬೇಡವಾ ಮೇಡಂ?"

ಖಂಡಿತ ಬೇಕು, ವ್ಯಾಪಾರ ಇಲ್ಲದವರಿಗೆ ಮೊದಲು ಬೇಕಾದದ್ದು ಅದೇ. ಪರಿಚಯವೇ ಇಲ್ಲದವರು ನಿಮ್ಮ ಮಗಳ ಫೋಟೋಗಳನ್ನು ಒಂದರ ಹಿಂದೆ ಒಂದು ಸರಿಸಿ ನೋಡುವುದನ್ನು ಅದು ತಡೆಯುತ್ತದೆ. ಕ್ಲೋಸ್ ಫ್ರೆಂಡ್ಸ್‌ಗೆ ಆ ಶಕ್ತಿ ಇಲ್ಲ, ಪಬ್ಲಿಕ್ ಆಗಿ ಹಾಕಿದ ಹಳೇ ಫೋಟೋಗಳನ್ನು ಅದು ಮುಚ್ಚುವುದಿಲ್ಲ. ನಾನು ಹೇಳುವುದು, ಪ್ರೈವೇಟ್ ಎಲ್ಲಿ ನಿಲ್ಲುತ್ತದೆ ಅಂತ ತಿಳಿದುಕೊಳ್ಳಿ. ಅಕೌಂಟ್ ಪ್ರೈವೇಟ್ ಆಗಿದ್ದರೂ ಪ್ರೊಫೈಲ್ ಫೋಟೋ, ಹೆಸರು, ಕೆಳಗೆ ಬರೆದುಕೊಂಡ ಪರಿಚಯದ ಸಾಲು ಎಲ್ಲರಿಗೂ ಕಾಣುತ್ತದೆ. ಆ ಸಾಲಿನಲ್ಲಿ ಕಾಲೇಜಿನ ಹೆಸರು, ಊರು, ಹುಟ್ಟಿದ ದಿನ ಬರೆದಿಟ್ಟಿದ್ದರೆ ಅದು ಪಬ್ಲಿಕ್ಕೇ. ನೀವು ಯಾವುದೋ ಪಬ್ಲಿಕ್ ಪೇಜಿನಲ್ಲಿ ಕಾಮೆಂಟ್ ಹಾಕಿದರೆ ಅದೂ ಪಬ್ಲಿಕ್. ಪಬ್ಲಿಕ್ ಅಕೌಂಟ್ ಇರುವ ಗೆಳತಿ ನಿಮ್ಮ ಫೋಟೋ ಹಾಕಿದರೆ ಅದನ್ನು ಯಾರು ನೋಡಬೇಕು ಅಂತ ತೀರ್ಮಾನವಾಗುವುದು ಅವಳ ಸೆಟ್ಟಿಂಗ್‌ನಿಂದ, ನಿಮ್ಮದರಿಂದ ಅಲ್ಲ. ಸ್ಟೋರಿ ತನ್ನಷ್ಟಕ್ಕೆ ಫೇಸ್‌ಬುಕ್ಕಿಗೂ ಹೋಗುವ ಹಾಗೆ ಆನ್ ಮಾಡಿಟ್ಟಿದ್ದರೆ ಅಲ್ಲಿ ನಡೆಯುವುದು ಫೇಸ್‌ಬುಕ್ಕಿನ ಸೆಟ್ಟಿಂಗ್, ಇನ್‌ಸ್ಟಾಗ್ರಾಮ್ ಪ್ರೈವೇಟ್ ಇದೆ ಅಂತ ಅಲ್ಲಿಯೂ ಪ್ರೈವೇಟ್ ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಪಬ್ಲಿಕ್ ಇದ್ದದ್ದನ್ನು ಇವತ್ತು ಪ್ರೈವೇಟ್ ಮಾಡಿದರೆ ಈಗಾಗಲೇ ಇರುವ ಫಾಲೋವರ್ಸ್ ಎಲ್ಲ ಹಾಗೇ ಉಳಿಯುತ್ತಾರೆ. ಹೊಸಬರಿಗೆ ಮಾತ್ರ ಬಾಗಿಲು ಹಾಕಿದ ಹಾಗೆ ಆಯಿತು. ಹಳಬರನ್ನು ನೀವೇ ಕೂತು ತೆಗೆಯಬೇಕು. ಫಾಲೋವರ್ಸ್ ಲಿಸ್ಟಿಗೆ ಹೋಗಿ ಹೆಸರಿನ ಪಕ್ಕ Remove ಒತ್ತಿದರೆ ಸಾಕು, ಅವರಿಗೆ ಸೂಚನೆ ಹೋಗುವುದಿಲ್ಲ. ಪ್ರೈವೇಟ್ ಅಕೌಂಟಿನಲ್ಲಿ ಅವರು ಮತ್ತೆ ಬರಬೇಕಾದರೆ ಹೊಸದಾಗಿ ಕೇಳಲೇಬೇಕು. ತಮ್ಮನ ಲಿಸ್ಟಿನ ಆ ಮೂರು ಅಂಕಿ ಅಕೌಂಟ್‌ಗಳನ್ನು ಮೊದಲು ತೆಗೆಯಬೇಕಾದ್ದು.

ಈಗ ಕ್ಲೋಸ್ ಫ್ರೆಂಡ್ಸ್ ಹೇಗೆ ನಡೆಯುತ್ತದೆ ನೋಡುವಾ. ಪ್ರೊಫೈಲಿಗೆ ಹೋಗಿ ಮೇಲಿನ ಮೂರು ಗೆರೆ ಒತ್ತಿದರೆ ಸೆಟ್ಟಿಂಗ್ಸ್. ಅದರಲ್ಲಿ Who can see your content ಎಂಬ ಭಾಗದ ಕೆಳಗೆ Account privacy ಮತ್ತು Close Friends ಎರಡೂ ಒಂದರ ಹಿಂದೆ ಒಂದು ಇರುತ್ತವೆ. ಪಕ್ಕಪಕ್ಕ ಇರುವುದರಿಂದಲೇ ಜನರಿಗೆ ಎರಡೂ ಒಂದೇ ಬಗೆಯದ್ದು ಅನಿಸುವುದೋ ಏನೋ. ಮೊದಲನೆಯದು ಬರೀ ಆನ್ ಅಥವಾ ಆಫ್. ಎರಡನೆಯದು ಹೆಸರುಗಳ ಪಟ್ಟಿ, ಪಕ್ಕದ ವೃತ್ತ ಒತ್ತುತ್ತಾ ಹೋಗುವುದು.

ಈ ಪಟ್ಟಿ ನಿಮಗೆ ಮಾತ್ರ ಕಾಣುತ್ತದೆ. ಸೇರಿಸಿದಾಗ ಅವರಿಗೆ ಸೂಚನೆ ಹೋಗುವುದಿಲ್ಲ, ತೆಗೆದಾಗಲೂ ಇಲ್ಲ. ಆದರೆ ಸೇರಿಸಿದ್ದು ಗೊತ್ತಾಗದೇ ಇರುವುದಿಲ್ಲ. ನೀವು ಆ ಪಟ್ಟಿಗೆ ಸ್ಟೋರಿ ಹಾಕಿದ ಕೂಡಲೇ ಅವರಿಗೆ ನಿಮ್ಮ ಫೋಟೋದ ಸುತ್ತ ಮಾಮೂಲಿ ಬಣ್ಣದ ಬದಲು ಹಸಿರು ಸುತ್ತು ಕಾಣುತ್ತದೆ, ಸ್ಟೋರಿ ತೆರೆದರೆ ಮೇಲೆ ಹಸಿರು ನಕ್ಷತ್ರ. ಓಹೋ, ನಾನು ಇವಳ ಲಿಸ್ಟಿನಲ್ಲಿದ್ದೇನೆ ಅಂತ ಗೊತ್ತಾಗುತ್ತದೆ. ಇನ್ನು ಯಾರೆಲ್ಲ ಇದ್ದಾರೆ ಅಂತ ಆ್ಯಪ್ ಹೇಳುವುದಿಲ್ಲ.

ಪಟ್ಟಿ ಇರುವುದು ಒಂದೇ. ಇದು ದೊಡ್ಡ ಮಿತಿ. ಮನೆಯವರಿಗೊಂದು, ಗೆಳೆಯರಿಗೊಂದು, ಆಫೀಸಿನವರಿಗೊಂದು ಅಂತ ಮೂರು ಕ್ಲೋಸ್ ಫ್ರೆಂಡ್ಸ್ ಲಿಸ್ಟ್ ಮಾಡುವ ಹಾಗಿಲ್ಲ. ಹಾಗಾಗಿ ಆ ಒಂದು ಪಟ್ಟಿ ಯಾವುದಕ್ಕೆ ಅಂತ ಮೊದಲೇ ನಿಶ್ಚಯ ಮಾಡಿಕೊಳ್ಳಬೇಕು. ಅಕ್ಕನ ಪಟ್ಟಿ ಮಗುವಿಗಾಗಿ. ಅಂದರೆ ಅದರಲ್ಲಿ ಅಜ್ಜಿ ಮನೆಯವರು, ಗಂಡನ ಕಡೆಯ ಅತ್ತಿಗೆ, ಇಬ್ಬರು ಹಳೇ ಗೆಳತಿಯರು. ಅವಳು ಒಂದು ದಿನ ಬೇಸರದಲ್ಲಿ ಅತ್ತೆ ಮನೆಯ ಮಾತೊಂದನ್ನು ಅದೇ ಪಟ್ಟಿಗೆ ಹಾಕಿದಳು ಅಂತ ಇಟ್ಟುಕೊಳ್ಳಿ. ಪಟ್ಟಿ ಸರಿಯಾಗಿಯೇ ಕೆಲಸ ಮಾಡಿತು, ಸ್ಟೋರಿ ಹೊರಗೆ ಹೋಗಲಿಲ್ಲ. ಆದರೆ ಅತ್ತಿಗೆ ಒಳಗೇ ಇದ್ದಾಳೆ. ಕ್ಲೋಸ್ ಫ್ರೆಂಡ್ಸ್‌ನಲ್ಲಿ ನಾನು ನೋಡುವ ರಗಳೆಗಳಲ್ಲಿ ಈ ಬಗೆಯದ್ದೇ ಜಾಸ್ತಿ. ಹೆಸರು ಸೇರಿಸುವಾಗ ಒಂದು ಲೆಕ್ಕ, ಸ್ಟೋರಿ ಹಾಕುವಾಗ ಇನ್ನೊಂದು ಲೆಕ್ಕ.

ಪಟ್ಟಿ ಎಷ್ಟು ದೊಡ್ಡದಿರಬೇಕು ಅಂತ ಕೇಳುತ್ತಾರೆ. ನನ್ನ ಅಳತೆ ಒಂದೇ. ಫೋನ್ ಕೆಳಗಿಟ್ಟು, ನೋಡದೇ, ಆ ಪಟ್ಟಿಯಲ್ಲಿ ಯಾರಿದ್ದಾರೆ ಅಂತ ಹೇಳಲು ಬರಬೇಕು. ಬರುವುದಿಲ್ಲ ಅಂದರೆ ಪಟ್ಟಿ ದೊಡ್ಡದಾಯಿತು. ತಮ್ಮ ತನ್ನ ಪಟ್ಟಿಗೆ ಒಂದೊಂದೇ ಹೆಸರು ಸೇರಿಸುತ್ತಾ ನೂರೈವತ್ತು ಮಾಡಿಕೊಂಡರೆ, ಅದು ಕ್ಲೋಸ್ ಫ್ರೆಂಡ್ಸ್ ಅಲ್ಲ, ಹಸಿರು ಬಣ್ಣ ಹಚ್ಚಿದ ಫಾಲೋವರ್ಸ್ ಲಿಸ್ಟ್. ಕಾಲೇಜಿನಲ್ಲಿ ಇದು ಸುಲಭವಾಗಿ ಆಗುತ್ತದೆ, ಯಾಕೆಂದರೆ ಒಬ್ಬನನ್ನು ಸೇರಿಸಿ ಅವನ ಪಕ್ಕ ಕೂರುವವನನ್ನು ಬಿಡುವುದು ಕಷ್ಟ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು: "ಮೇಡಂ, ನನ್ನ ಫ್ರೆಂಡ್ ನನ್ನನ್ನು ಲಿಸ್ಟಿನಿಂದ ತೆಗೆದಿದ್ದಾಳೆ ಅಂತ ಗೊತ್ತಾಗ್ಲಿಕ್ಕೆ ಉಂಟಾ?"

ಆ್ಯಪ್ ಹೇಳುವುದಿಲ್ಲ. ಮೊದಲು ಕಾಣುತ್ತಿದ್ದ ಹಸಿರು ಸುತ್ತು ಈಗ ಕಾಣುತ್ತಿಲ್ಲ ಅಂದರೆ ಎರಡು ಅರ್ಥ ಇರಬಹುದು, ನಿನ್ನನ್ನು ತೆಗೆದಿರಬಹುದು, ಅಥವಾ ಅವಳು ಆ ಪಟ್ಟಿಗೆ ಏನೂ ಹಾಕದೇ ಇರಬಹುದು. ಹೊರಗೆ ನಿಂತು ಇವೆರಡನ್ನು ಬೇರೆ ಮಾಡಲು ದಾರಿ ಇಲ್ಲ. ಖಚಿತ ಆಗುವುದು ಇನ್ನೊಬ್ಬಳು ಬಂದು "ನಿನ್ನೆ ಅವಳು ಹಾಕಿದ್ದು ನೋಡಿದ್ಯಾ?" ಅಂತ ಕೇಳಿದಾಗ. ಕ್ಲಾಸಿನಲ್ಲಿ ಹೀಗೆ ಗೊತ್ತಾದರೆ ಮನಸ್ಸಿಗೆ ಆಗುವ ನೋವು ಸಣ್ಣದಲ್ಲ, ಇಲ್ಲಿರುವ ದೊಡ್ಡವರು ದಯವಿಟ್ಟು ಅದನ್ನು "ಒಂದು ಫೋನಿನ ವಿಷಯ" ಅಂತ ತಳ್ಳಿಹಾಕಬೇಡಿ. ಪ್ರೈವೇಟ್ ಅಕೌಂಟಿನಲ್ಲಿ ಈ ನೋವು ಕಡಿಮೆ, ಯಾಕೆಂದರೆ ಅಲ್ಲಿ ಒಳಗೆ ಬಂದವರೆಲ್ಲ ಒಂದೇ. ಕ್ಲೋಸ್ ಫ್ರೆಂಡ್ಸ್ ಒಳಗಿದ್ದವರಲ್ಲೇ ಮತ್ತೆ ಒಂದು ಗೆರೆ ಎಳೆಯುತ್ತದೆ, ಅದನ್ನು ಹಸಿರು ಬಣ್ಣದಲ್ಲಿ ತೋರಿಸುತ್ತದೆ ಬೇರೆ. ಪಟ್ಟಿ ಮಾಡುವವರು ಯಾರು ಹೆಚ್ಚು ಪ್ರೀತಿ ಅಂತ ನೋಡದೆ, ಈ ವಿಷಯ ಯಾರಿಗೆ ಸಂಬಂಧ ಅಂತ ನೋಡಿ ಮಾಡಿದರೆ ಗೆಳತಿ ಕೇಳಿದಾಗ ಉತ್ತರ ಕೊಡಲು ಆಗುತ್ತದೆ. "ಅದು ಮನೆಯವರಿಗೆ ಮಾಡಿದ ಲಿಸ್ಟ್ ಕಣೇ" ಅಂದರೆ ಅವಳಿಗೂ ಅರ್ಥವಾಗುತ್ತದೆ.

ಇನ್ನು ತಪ್ಪು ಬಟನ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸ್ಟೋರಿ ತಯಾರಾದ ಮೇಲೆ ಪರದೆಯ ಕೆಳಗೆ ಎರಡು ಬಟನ್ ಅಕ್ಕಪಕ್ಕ ಇರುತ್ತವೆ. ಒಂದು Your story, ಇನ್ನೊಂದು ಹಸಿರು ನಕ್ಷತ್ರದ Close Friends. ಎರಡರ ನಡುವೆ ಇರುವುದು ಹೆಬ್ಬೆರಳಿನಷ್ಟು ಜಾಗ. ಅಕ್ಕ ರಾತ್ರಿ ಹನ್ನೊಂದಕ್ಕೆ ಮೆಹಂದಿ ಕೆಲಸ ಮುಗಿಸಿ ಬಂದು, ಮಗುವಿನ ವೀಡಿಯೋ ಹಾಕುವಾಗ, ದಿನವಿಡೀ Your story ಒತ್ತಿ ಅಭ್ಯಾಸವಾದ ಬೆರಳು ಅಲ್ಲಿಗೇ ಹೋಗುತ್ತದೆ. ಒತ್ತಿದ ಮೇಲೆ ಆ್ಯಪ್ "ಖಂಡಿತವಾ?" ಅಂತ ಕೇಳುವುದಿಲ್ಲ. ವೀಡಿಯೋ ನಾಲ್ಕು ಸಾವಿರ ಜನರಿಗೆ ಹೋಯಿತು, ಅಷ್ಟೇ ಅಲ್ಲ, ಅಕೌಂಟ್ ಪಬ್ಲಿಕ್ ಆದ್ದರಿಂದ ಫಾಲೋ ಮಾಡದವರಿಗೂ ತೆರೆದಿದೆ.

ಇಲ್ಲಿ ಇಬ್ಬರ ಸ್ಥಿತಿಯೂ ಬೇರೆ ಅಂತ ಗಮನಿಸಿ. ತಮ್ಮ ಅದೇ ತಪ್ಪು ಮಾಡಿದರೆ ಸ್ಟೋರಿ ಆರುನೂರು ಜನರಲ್ಲಿ ನಿಲ್ಲುತ್ತದೆ. ಅಕ್ಕ ಮಾಡಿದರೆ ನಿಲ್ಲುವ ಜಾಗವೇ ಇಲ್ಲ. ಪ್ರೈವೇಟ್ ಅಕೌಂಟಿನ ನಿಜವಾದ ಉಪಕಾರ ಇದು. ಕ್ಲೋಸ್ ಫ್ರೆಂಡ್ಸ್‌ನಲ್ಲಿ ಕೈ ತಪ್ಪಿದಾಗ ಕೆಳಗೆ ಹಿಡಿಯಲು ಇನ್ನೊಂದು ಬಲೆ ಇರುತ್ತದೆ. ಅದಕ್ಕೇ ಆಗುವವರು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ ಅನ್ನುವುದು. ಆಗದವರು, ಅಕ್ಕನ ಹಾಗೆ ವ್ಯಾಪಾರ ಇರುವವರು, ಮಗುವಿನ ವಿಷಯಕ್ಕೆ ಬೇರೆಯೇ ಒಂದು ಪ್ರೈವೇಟ್ ಅಕೌಂಟ್ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಬೆರಳಿನ ಮೇಲೆ ಅಷ್ಟು ಭಾರ ಹಾಕಬಾರದು.

ಸರಿಯಾದ ಕಡೆ ಹೋಯಿತಾ ಅಂತ ತಿಳಿಯುವುದು ಹೇಗೆ? ಹಾಕಿದ ಕೂಡಲೇ ನಿಮ್ಮದೇ ಸ್ಟೋರಿ ತೆರೆದು ನೋಡಿ. ಹಸಿರು ಗುರುತು ಇದೆಯಾ? ಇಲ್ಲ ಅಂದರೆ ಎಲ್ಲರಿಗೂ ಹೋಗಿದೆ. ಆಮೇಲೆ ಮೇಲಕ್ಕೆ ಸರಿಸಿ ಯಾರು ನೋಡಿದರು ಎಂಬ ಪಟ್ಟಿ ನೋಡಿ. ಪಟ್ಟಿಯಲ್ಲಿ ಇರಬಾರದ ಒಂದು ಹೆಸರು, ಉದಾಹರಣೆಗೆ ನಿನ್ನೆ ಬುಕಿಂಗ್ ಕೇಳಿದ ಗಿರಾಕಿಯ ಹೆಸರು, ಕಂಡರೆ ಆಯಿತು, ಸ್ಟೋರಿ ತಪ್ಪಿ ಹೋಗಿದೆ. ಮೂರು ಚುಕ್ಕೆ ಒತ್ತಿ ಡಿಲೀಟ್ ಮಾಡಿ. ಆಗ ಲಿಸ್ಟಿನಿಂದ ಹೆಸರು ತೆಗೆಯುವುದು, ಹೈಡ್ ಮಾಡುವುದು ಅಂತ ಹೊತ್ತು ಕಳೆಯಬೇಡಿ, ಮೊದಲು ಸ್ಟೋರಿಯನ್ನೇ ತೆಗೆಯಿರಿ, ಉಳಿದದ್ದು ಆಮೇಲೆ. ತೆಗೆಯುವ ಮೊದಲು ಯಾರು ನೋಡಿದ್ದಾರೆ ಅಂತ ಒಮ್ಮೆ ಕಣ್ಣಾಡಿಸಿದರೆ ಯಾರ ಹತ್ತಿರ ಮಾತಾಡಬೇಕು ಅಂತ ಗೊತ್ತಾಗುತ್ತದೆ. ಹಾಗೇ ಬಿಟ್ಟ ಸ್ಟೋರಿಯಾದರೆ ನೋಡಿದವರ ಪಟ್ಟಿ ಹಾಕಿದ 48 ಗಂಟೆಯವರೆಗೆ ನಿಮಗೆ ಸಿಗುತ್ತದೆ, ಆಮೇಲೆ ಇಲ್ಲ.

ಈ ನೋಡಿದವರ ಪಟ್ಟಿಯಲ್ಲೇ ಎರಡರ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅಕ್ಕನ ಇಪ್ಪತ್ತು ಜನರಲ್ಲಿ ಹದಿನೇಳು ಜನ ನೋಡಿದ್ದರೆ ಅವಳು ಒಂದೇ ನೋಟಕ್ಕೆ ಹದಿನೇಳೂ ಹೆಸರು ಓದುತ್ತಾಳೆ, ಇವತ್ತು ಅಜ್ಜಿ ನೋಡಿಲ್ಲ, ಫೋನ್ ಚಾರ್ಜ್ ಇಲ್ಲವೋ ಏನೋ ಅಂತಲೂ ಗೊತ್ತಾಗುತ್ತದೆ. ತಮ್ಮನ ಸ್ಟೋರಿಯನ್ನು ಇನ್ನೂರು ಚಿಲ್ಲರೆ ಜನ ನೋಡಿರುತ್ತಾರೆ. ಆ ಪಟ್ಟಿಯನ್ನು ಅವನು ಯಾವತ್ತೂ ಕೊನೆಯವರೆಗೆ ಸರಿಸುವುದಿಲ್ಲ. ಯಾರು ನೋಡುತ್ತಿದ್ದಾರೆ ಅಂತ ಗೊತ್ತಿಲ್ಲದೇ ಇರುವುದು ಪ್ರೈವೇಟ್ ಅಕೌಂಟಿನಲ್ಲೂ ಸಾಧ್ಯ.

ಈಗ ಎರಡೂ ಸೋಲುವ ಜಾಗಕ್ಕೆ ಬರುತ್ತೇನೆ, ಸ್ಕ್ರೀನ್‌ಶಾಟ್. ಇನ್‌ಸ್ಟಾಗ್ರಾಮ್ ಸ್ಟೋರಿಯನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದರೆ ನಿಮಗೆ ಸೂಚನೆ ಬರುವುದಿಲ್ಲ. 2018ರ ಆರಂಭದಲ್ಲಿ ಅಂಥದ್ದೊಂದನ್ನು ಕೆಲವರಿಗೆ ಕೊಟ್ಟು ನೋಡಿ, ಆಮೇಲೆ ಕೈಬಿಟ್ಟರು. ಖಾಸಗಿ ಮೆಸೇಜಿನಲ್ಲಿ ಒಮ್ಮೆ ನೋಡಿ ಮಾಯವಾಗುವ ಫೋಟೋ ಕಳಿಸಿದರೆ ಸೂಚನೆ ಬರುತ್ತದೆ, ಸ್ಟೋರಿಗೆ ಇಲ್ಲ. ಕ್ಲೋಸ್ ಫ್ರೆಂಡ್ಸ್ ಆದರೂ ಇಲ್ಲ. ಸೂಚನೆ ಇದ್ದರೂ ಅಷ್ಟೇ, ಪಕ್ಕದವನ ಫೋನಿನಿಂದ ಪರದೆಯ ಫೋಟೋ ತೆಗೆದರೆ ಯಾವ ಆ್ಯಪಿಗೂ ಗೊತ್ತಾಗುವುದಿಲ್ಲ.

ಹಾಗಾಗಿ 24 ಗಂಟೆ ಎಂಬುದು ನೋಡುವವರ ಪರದೆಯ ಲೆಕ್ಕ ಮಾತ್ರ. ನಿಮ್ಮ ಕಡೆಯಲ್ಲೂ ಅದು ಹೋಗಿರುವುದಿಲ್ಲ. ಸೆಟ್ಟಿಂಗ್ ಬದಲಾಯಿಸದಿದ್ದರೆ ಹಾಕಿದ ಪ್ರತಿ ಸ್ಟೋರಿ ನಿಮ್ಮ ಆರ್ಕೈವ್‌ನಲ್ಲಿ ಕೂತಿರುತ್ತದೆ. ಅದನ್ನು ನೋಡಲು ಆಗುವುದು ನಿಮಗೆ ಮಾತ್ರ, ಅಥವಾ ನಿಮ್ಮ ಫೋನಿನ ಲಾಕ್ ಗೊತ್ತಿರುವವರಿಗೆ. ಮನೆಯಲ್ಲಿ ಫೋನ್ ಕೈಯಿಂದ ಕೈಗೆ ಹೋಗುತ್ತದೆ ಅಂದರೆ ಇದು ನೆನಪಿರಲಿ.

ಸ್ಕ್ರೀನ್‌ಶಾಟ್ ಹೊರಗೆ ಹೋದರೆ ಯಾರು ಕಳಿಸಿದರು ಅಂತ ಹುಡುಕಲು ಸಾಧ್ಯವಾ? ಅಲ್ಲಿ ಕ್ಲೋಸ್ ಫ್ರೆಂಡ್ಸ್ ಸ್ವಲ್ಪ ಸಹಾಯ ಮಾಡುತ್ತದೆ. ಅಕ್ಕನ ಮಗುವಿನ ಫೋಟೋ ಯಾವುದೋ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂತು ಅಂದರೆ ಅದು ಆ ಹದಿನೇಳು ಜನರಿಂದಲೇ ಹೋಗಿರಬೇಕು, ಹದಿನೇಳು ಫೋನ್ ಕರೆ ಮಾಡಬಹುದು. ಹೆಚ್ಚಿನ ಸಲ ಅದು ಕೆಟ್ಟ ಉದ್ದೇಶದಿಂದ ಆಗಿರುವುದೂ ಇಲ್ಲ, ಅಜ್ಜಿಯೇ ಖುಷಿಯಲ್ಲಿ ಕುಟುಂಬದ ಗ್ರೂಪಿಗೆ ಹಾಕಿರುತ್ತಾರೆ. "ಇದು ನಮಗೆ ಮಾತ್ರ, ಗ್ರೂಪಿಗೆ ಹಾಕುವುದು ಬೇಡ ಅಮ್ಮಾ" ಅಂತ ಸ್ಟೋರಿಯ ಮೇಲೆಯೇ ಬರೆಯಬಹುದು, ಬಾಯಿಬಿಟ್ಟು ಹೇಳಬಹುದು. ತಮ್ಮನ ಇನ್ನೂರು ಜನರಲ್ಲಿ ಯಾರು ಅಂತ ಹುಡುಕುವುದು ಆಗದ ಮಾತು.

ಮಧ್ಯದಲ್ಲಿ ಒಬ್ಬ ಹಿರಿಯರು ಕೇಳಿದ್ದು: "ಮನೆಗೆ ಬೀಗ ಹಾಕಿ ದುಬೈಗೆ ಮಗನ ಹತ್ತಿರ ಹೋಗುವಾಗ ಸೊಸೆ ಏರ್‌ಪೋರ್ಟಿನಿಂದ ಫೋಟೋ ಹಾಕ್ತಾಳೆ. ಅದು ಕ್ಲೋಸ್ ಫ್ರೆಂಡ್ಸ್‌ಗೆ ಹಾಕಿದ್ರೆ ತೊಂದರೆ ಇಲ್ವಾ?"

ಎಲ್ಲರಿಗೂ ಹಾಕುವುದಕ್ಕಿಂತ ಖಂಡಿತ ಒಳ್ಳೆಯದು. ಪ್ರೈವೇಟ್ ಅಕೌಂಟಿನ ಎಲ್ಲ ಫಾಲೋವರ್ಸ್‌ಗೆ ಹಾಕುವುದಕ್ಕಿಂತಲೂ ಒಳ್ಳೆಯದು, ಯಾಕೆಂದರೆ ಆ ಫಾಲೋವರ್ಸ್‌ನಲ್ಲಿ ನಿಮ್ಮ ಊರಿನವರು, ಮನೆಯ ದಾರಿ ಗೊತ್ತಿರುವವರು ಇರುತ್ತಾರೆ, ದೂರದ ಅಪರಿಚಿತನಿಗೆ ನಿಮ್ಮ ಬೀಗದಿಂದ ಏನೂ ಆಗಬೇಕಾಗಿಲ್ಲ. ಆದರೆ ಪ್ರಯಾಣದ ಫೋಟೋಗೆ ಸರಿಯಾದ ಉಪಾಯ ಪಟ್ಟಿಯಲ್ಲಿಲ್ಲ, ಸಮಯದಲ್ಲಿದೆ. ಬಂದ ಮೇಲೆ ಹಾಕಿದರೆ ಯಾರು ನೋಡಿದರೂ ಚಿಂತೆ ಇಲ್ಲ.

ಹದಿನೆಂಟರ ಒಳಗಿನ ಮಕ್ಕಳ ಬಗ್ಗೆ ಒಂದು ಮಾತು. 2024ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಗ್ರಾಮ್ ಟೀನ್ ಅಕೌಂಟ್ ಎಂಬುದನ್ನು ತಂದಿತು, 2025ರ ಫೆಬ್ರವರಿಯಲ್ಲಿ ಅದು ಭಾರತಕ್ಕೂ ಬಂತು. ಅದರಲ್ಲಿ ಮಕ್ಕಳ ಅಕೌಂಟ್ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಹದಿನಾರರ ಒಳಗಿನವರು ಅದನ್ನು ಸಡಿಲ ಮಾಡಬೇಕಾದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಒಳ್ಳೆಯದೇ. ಆದರೆ ಇದು ನೋಡಿಕೊಳ್ಳುವುದು ಟಿಕೆಟ್ ಕೌಂಟರನ್ನು ಮಾತ್ರ. ಮಗ ಯಾರ ರಿಕ್ವೆಸ್ಟ್ ಒಪ್ಪಿಕೊಂಡ, ಹಸಿರು ಪಟ್ಟಿಯಲ್ಲಿ ಯಾರನ್ನು ಇಟ್ಟಿದ್ದಾನೆ ಎಂಬುದನ್ನು ಅದು ತೀರ್ಮಾನ ಮಾಡುವುದಿಲ್ಲ. ಫೋನ್ ಕಸಿದು ಪಟ್ಟಿ ನೋಡುವ ಬದಲು "ನಿನ್ನ ಫಾಲೋವರ್ಸ್‌ನಲ್ಲಿ ನಿನಗೆ ಮುಖ ಗೊತ್ತಿಲ್ಲದವರು ಎಷ್ಟು ಜನ ಇದ್ದಾರೆ, ನಾವಿಬ್ಬರೂ ಕೂತು ನೋಡುವಾ" ಅಂದರೆ ಹೆಚ್ಚಿನ ಮಕ್ಕಳು ಒಪ್ಪುತ್ತಾರೆ.

ಕೊನೆಯ ಪ್ರಶ್ನೆ ಬಂದದ್ದು ಇನ್‌ಸ್ಟಾಗ್ರಾಮ್ ಇಲ್ಲದವರಿಂದ: "ನಮಗೆ ವಾಟ್ಸ್ಆ್ಯಪ್ ಸ್ಟೇಟಸ್ ಮಾತ್ರ ಗೊತ್ತಿರುವುದು. ಅದರಲ್ಲಿ ಹೀಗೆ ಮಾಡ್ಲಿಕ್ಕೆ ಆಗ್ತದಾ?"

ಆಗುತ್ತದೆ. ಸ್ಟೇಟಸ್‌ನ ಪ್ರೈವಸಿಯಲ್ಲಿ ಮೂರು ದಾರಿ ಕಾಣುತ್ತದೆ. My contacts ಅಂದರೆ ನಂಬರ್ ಇರುವ ಎಲ್ಲರಿಗೂ. My contacts except ಅಂದರೆ ಕೆಲವರನ್ನು ಬಿಟ್ಟು ಉಳಿದವರಿಗೆ. Only share with ಅಂದರೆ ನೀವು ಆರಿಸಿದವರಿಗೆ ಮಾತ್ರ. ಕ್ಲೋಸ್ ಫ್ರೆಂಡ್ಸ್‌ಗೆ ಹತ್ತಿರ ಇರುವುದು ಈ ಮೂರನೆಯದು. ಎರಡನೆಯದನ್ನು ನಂಬಬೇಡಿ, ಹೊಸದಾಗಿ ಗ್ಯಾಸ್ ಏಜೆನ್ಸಿಯವರ, ಪ್ಲಂಬರ್‌ನ ನಂಬರ್ ಸೇವ್ ಮಾಡಿದಾಗ ಅವರು ಬಿಟ್ಟವರ ಪಟ್ಟಿಯಲ್ಲಿ ಇರುವುದಿಲ್ಲ, ನಿಮ್ಮ ನಂಬರ್ ಅವರ ಫೋನಿನಲ್ಲೂ ಇದ್ದರೆ ಸ್ಟೇಟಸ್ ಅವರಿಗೂ ಹೋಗುತ್ತದೆ. ಇನ್ನೊಂದು, ಇಲ್ಲಿ ಸೆಟ್ಟಿಂಗ್ ಬದಲಾಯಿಸಿದರೆ ಅದು ಮುಂದೆ ಹಾಕುವ ಸ್ಟೇಟಸ್‌ಗೆ ಮಾತ್ರ, ಈಗಾಗಲೇ ಹಾಕಿದ್ದಕ್ಕೆ ಹಳೇ ಸೆಟ್ಟಿಂಗೇ ನಡೆಯುತ್ತದೆ. ಹಾಗಾಗಿ ಹಾಕಿದ ಮೇಲೆ "ಅಯ್ಯೋ, ಭಾವ ನೋಡ್ತಾರೆ" ಅಂತ ನೆನಪಾಗಿ ಸೆಟ್ಟಿಂಗ್ ತಿದ್ದಿದರೆ ಭಾವನಿಗೆ ಅದು ಕಾಣುತ್ತಲೇ ಇರುತ್ತದೆ. ಸ್ಟೇಟಸ್ ಡಿಲೀಟ್ ಮಾಡಿ, ಪಟ್ಟಿ ಸರಿ ಮಾಡಿ, ಮತ್ತೆ ಹಾಕಬೇಕು.